23 ತಕರಾರುಗಳಲ್ಲಿ ಮೊದಲು ಯಾವುದು?

ಪ್ರಶ್ನೆ: ನಾನು ಕೃಷಿ ವಿಜ್ಞಾನದ ಸಹಾಯಕ ಪ್ರಾಧ್ಯಾಪಕಿ. ಮೊದಲ ಸಲ ಒಂದು ಜರ್ನಲ್‌ಗೆ ಪೇಪರ್ ರಿವ್ಯೂ ಮಾಡಿದೆ. ಗೊಬ್ಬರದ ಬಗ್ಗೆ ಹೊಲದಲ್ಲಿ ಮಾಡಿದ ಪ್ರಯೋಗ ಅದು. ಕೂತು 23 ಅಂಶ ಬರೆದು ಕಳಿಸಿದೆ. ಎಡಿಟರ್ ವಾಪಸ್ ಕಳಿಸಿ, "ಟೀಕೆ ಇನ್ನೂ ನಿರ್ದಿಷ್ಟವಾಗಿರಲಿ, ಮುಖ್ಯವಾದದ್ದು ಮೊದಲು ಬರಲಿ, ಲೇಖಕರಿಗೆ ಉಪಯೋಗ ಆಗುವಂತೆ ತಿದ್ದಿಕೊಡಿ" ಎಂದಿದ್ದಾರೆ. "ಪ್ರಯೋಗದ ವಿನ್ಯಾಸ ದುರ್ಬಲ", "ಸಂಖ್ಯಾಶಾಸ್ತ್ರ ಸರಿಯಿಲ್ಲ", "ಇಂಗ್ಲಿಷ್ ಕಳಪೆ" ಅಂತೆಲ್ಲ ಬರೆದಿದ್ದೆ. ಅವೆಲ್ಲ ನಿಜವೇ. ಇದನ್ನು ಎಲ್ಲಿಂದ ಹಿಡಿದು ತಿದ್ದಲಿ?

ಉತ್ತರ: ನೀವು ಆ ಪೇಪರನ್ನಾಗಲಿ ಪೂರ್ತಿ ವರದಿಯನ್ನಾಗಲಿ ನನಗೆ ಕಳಿಸಲಿಲ್ಲ. ಅದು ಸರಿಯಾದ ಕೆಲಸ. ರಿವ್ಯೂಗೆ ಬಂದ ಪೇಪರ್ ಗುಟ್ಟಾಗಿ ಇಡಬೇಕಾದದ್ದು. ಕೋಪ್ ಎಂಬ ಪ್ರಕಾಶನ ನೀತಿ ಸಮಿತಿ ರಿವ್ಯೂ ಮಾಡುವವರಿಗೆಂದೇ 2013ರಲ್ಲಿ ಮಾರ್ಗಸೂಚಿ ತಂದಿತು, 2017ರಲ್ಲಿ ಅದನ್ನು ಪರಿಷ್ಕರಿಸಿತು. ಎಡಿಟರ್ ಒಪ್ಪಿಗೆ ಇಲ್ಲದೆ ಪೇಪರನ್ನು ಇನ್ನೊಬ್ಬರಿಗೆ ತೋರಿಸಬಾರದು ಎನ್ನುವುದು ಅದರಲ್ಲಿದೆ. ಪಕ್ಕದ ಟೇಬಲ್ಲಿನ ಸಹೋದ್ಯೋಗಿಗೂ ತೋರಿಸುವಂತಿಲ್ಲ.

ಹಾಗಾಗಿ ನಿಮ್ಮದನ್ನೇ ಹೋಲುವ ಒಂದು ಪೇಪರನ್ನು ನಾನೇ ಕಟ್ಟಿಕೊಂಡು ಉತ್ತರ ಹೇಳುತ್ತೇನೆ. ಇದರ ಅಂಕಿಗಳೆಲ್ಲ ನಾನು ಕಲ್ಪಿಸಿಕೊಂಡವು. ಆದರೆ ಇದರಲ್ಲಿರುವ ತಪ್ಪುಗಳು ನಾನು ಎಡಿಟರ್ ಆಗಿದ್ದಾಗ ಮತ್ತೆ ಮತ್ತೆ ನೋಡಿದವು.

ರಾಗಿ ಬೆಳೆ. ಮಳೆಯಾಶ್ರಿತ ಕೆಂಪು ಮಣ್ಣು. ಒಂದೇ ಊರು, ಒಂದೇ ಮುಂಗಾರು. ಐದು ಟ್ರೀಟ್‌ಮೆಂಟ್, ಹೊಲವನ್ನು ಮೂರು ಬ್ಲಾಕ್ ಮಾಡಿ ಪ್ರತಿ ಬ್ಲಾಕ್‌ನಲ್ಲೂ ಒಂದೊಂದು ಸಲ, ಅಂದರೆ ಮೂರು ರೆಪ್ಲಿಕೇಶನ್, ಒಟ್ಟು 15 ಪ್ಲಾಟ್. ಟಿ1ಕ್ಕೆ ಗೊಬ್ಬರವೇ ಇಲ್ಲ. ಇಳುವರಿ ಹೆಕ್ಟೇರಿಗೆ 14.2 ಕ್ವಿಂಟಲ್. ಟಿ2 ಅಂದರೆ ಶಿಫಾರಸು ಮಾಡಿದಷ್ಟು ಪೂರ್ತಿ ರಸಗೊಬ್ಬರ, 27.8 ಕ್ವಿಂಟಲ್. ಟಿ3 ಪೂರ್ತಿ ರಸಗೊಬ್ಬರದ ಜೊತೆ ಜೀವಾಣು ಗೊಬ್ಬರ, 29.6. ಟಿ4 ಮುಕ್ಕಾಲು ಭಾಗ ರಸಗೊಬ್ಬರದ ಜೊತೆ ಜೀವಾಣು ಗೊಬ್ಬರ, 27.1. ಟಿ5 ಅರ್ಧ ರಸಗೊಬ್ಬರದ ಜೊತೆ ಜೀವಾಣು ಗೊಬ್ಬರ, 23.0. ಟೇಬಲ್ಲಿನ ಕೆಳಗೆ ಸಿ.ಡಿ. 2.6 ಎಂದಿದೆ. ಅಂದರೆ ಎರಡು ಟ್ರೀಟ್‌ಮೆಂಟ್‌ಗಳ ನಡುವೆ 2.6 ಕ್ವಿಂಟಲ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಇನ್ನು ಪೇಪರ್ ಹೇಳುವುದು ಇಷ್ಟು: ಟಿ4 ಮತ್ತು ಟಿ2 ಸಮ, ಆದ್ದರಿಂದ ಜೀವಾಣು ಗೊಬ್ಬರ ಹಾಕಿದರೆ ಕಾಲು ಭಾಗ ರಸಗೊಬ್ಬರ ಉಳಿಯುತ್ತದೆ, ತೆಂಡೆಗಳು, ಅಂದರೆ ಗಿಡದ ಬುಡದಿಂದ ಒಡೆಯುವ ಕವಲುಗಳು, ಹೆಚ್ಚಿದ್ದೇ ಇದಕ್ಕೆ ಕಾರಣ, ಕರ್ನಾಟಕದ ರೈತರಿಗೆ ಇದನ್ನು ಶಿಫಾರಸು ಮಾಡಬಹುದು.

ಈಗ ನಿಮ್ಮ 23 ಅಂಶಗಳಿಗೆ ಬರೋಣ. ಮೊದಲ ಸಲ ಬರೆಯುವ ಬಹುಪಾಲು ಜನ ಪೇಪರ್ ಓದುತ್ತಾ ಹೋದ ಕ್ರಮದಲ್ಲೇ ಬರೆಯುತ್ತಾರೆ. ಶೀರ್ಷಿಕೆ ಉದ್ದವಾಯಿತು ಎಂಬುದು ಒಂದನೆಯ ಅಂಶ. ಸಾರಾಂಶದಲ್ಲಿ ಕಾಗುಣಿತ ತಪ್ಪು ಎಂಬುದು ಎರಡನೆಯದು. ಪ್ರಯೋಗದಲ್ಲಿ ಒಂದು ಟ್ರೀಟ್‌ಮೆಂಟೇ ಇಲ್ಲ ಎನ್ನುವುದು 17ನೆಯದಾಗಿ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ. ನಿಮ್ಮದೂ ಹಾಗೇ ಇರಬಹುದು. ಓದುವಾಗ ಮಾಡಿಕೊಂಡ ಟಿಪ್ಪಣಿ ಹಾಗಿರುವುದು ಸಹಜ. ಆದರೆ ಅದು ಟಿಪ್ಪಣಿ, ವರದಿಯಲ್ಲ. ತಿದ್ದುವ ಕೆಲಸ ಶುರುವಾಗುವುದೇ ಅಲ್ಲಿಂದ.

ತಿದ್ದಲು ಕೂತಾಗ ನಿಮ್ಮ ಅಂಶಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಖಾಲಿ ಹಾಳೆ ತೆಗೆದುಕೊಂಡು, ಈ ಪೇಪರ್ ಓದುಗರನ್ನು ಏನು ನಂಬು ಅನ್ನುತ್ತಿದೆ ಎಂದು ನಿಮ್ಮ ಮಾತಲ್ಲಿ ಎರಡು ಮೂರು ವಾಕ್ಯ ಬರೆಯಿರಿ. ಪೇಪರ್ ನೋಡದೆ ಬರೆಯಿರಿ. ನಮ್ಮ ರಾಗಿ ಪೇಪರ್‌ಗೆ ಹೀಗೆ ಬರುತ್ತದೆ: ಒಂದು, ಜೀವಾಣು ಗೊಬ್ಬರದಿಂದ ಕಾಲು ಭಾಗ ರಸಗೊಬ್ಬರ ಉಳಿಯುತ್ತದೆ. ಎರಡು, ಜೀವಾಣು ಗೊಬ್ಬರ ತೆಂಡೆಗಳ ಸಂಖ್ಯೆ ಹೆಚ್ಚಿಸಿದ್ದರಿಂದ ಹೀಗಾಯಿತು. ಮೂರು, ಇದು ರಾಜ್ಯದ ರೈತರಿಗೆಲ್ಲ ಅನ್ವಯಿಸುತ್ತದೆ.

ಆಮೇಲೆ 23 ಅಂಶಗಳನ್ನು ಒಂದೊಂದಾಗಿ ಎತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಈ ದೋಷವನ್ನು ಹಾಗೇ ಬಿಟ್ಟರೆ ಆ ಮೂರು ವಾಕ್ಯಗಳಲ್ಲಿ ಯಾವುದು ಬೀಳುತ್ತದೆ? ಮೊದಲನೆಯ ವಾಕ್ಯ ಬೀಳುವಂತಿದ್ದರೆ ಅದು ವರದಿಯ ತಲೆಯಲ್ಲಿ ಬರಬೇಕು. ಎರಡನೆಯದೋ ಮೂರನೆಯದೋ ಬೀಳುವಂತಿದ್ದರೆ ಅದರ ನಂತರ. ಯಾವುದೂ ಬೀಳದಿದ್ದರೆ ಅದು ಸಣ್ಣ ತಿದ್ದುಪಡಿ, ವರದಿಯ ಕೊನೆಗೆ ಹೋಗಲಿ. ಅಲ್ಲಿಗೂ ಬೇಡವಾದದ್ದನ್ನು ಅಳಿಸಿಬಿಡಿ. 23ರಲ್ಲಿ ಮೂರೋ ನಾಲ್ಕೋ ಮಾತ್ರ ದೊಡ್ಡ ಅಂಶಗಳಾಗಿ ಉಳಿಯುತ್ತವೆ. ನಾನು ನೋಡಿದ ಒಳ್ಳೆಯ ವರದಿಗಳಲ್ಲಿ ಐದನ್ನು ದಾಟಿದ್ದು ಕಡಿಮೆ.

ಈ ಪ್ರಶ್ನೆಯಿಂದ ಇನ್ನೊಂದು ಲಾಭವೂ ಇದೆ. ಸುಮ್ನೆ ಆಸೆಗೆ ಬರೆದ ಅಂಶಗಳು ಇದರಲ್ಲಿ ತಾನಾಗಿ ಉದುರುತ್ತವೆ. "ಮಣ್ಣಿನ ಸೂಕ್ಷ್ಮಜೀವಿಗಳ ಡಿಎನ್‌ಎ ಅಧ್ಯಯನ ಮಾಡಬೇಕಿತ್ತು" ಎಂಬ ಅಂಶ ಇಂಥ ವರದಿಗಳಲ್ಲಿ ಆಗಾಗ ಬರುತ್ತದೆ. ಮಾಡಿದ್ದರೆ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಮಾಡದೇ ಇದ್ದದ್ದಕ್ಕೆ ಈ ಪೇಪರ್‌ನ ಯಾವ ವಾಕ್ಯ ಬೀಳುತ್ತದೆ? ಯಾವುದೂ ಇಲ್ಲ. ಸೂಕ್ಷ್ಮಜೀವಿಗಳ ಬಗ್ಗೆ ಲೇಖಕರು ಏನನ್ನೂ ಸಾಧಿಸಿದ್ದೇವೆ ಎಂದಿಲ್ಲ. ಇದು ನೀವು ಮಾಡಬೇಕೆಂದಿರುವ ಇನ್ನೊಂದು ಪೇಪರ್. ಸಣ್ಣ ಜಿಲ್ಲಾ ಕಾಲೇಜಿನಲ್ಲಿ, ಅಷ್ಟಿಷ್ಟು ಹಣದಲ್ಲಿ ಪ್ರಯೋಗ ಮಾಡಿದವರ ಮೇಲೆ ಆ ಭಾರ ಹೊರಿಸಬೇಡಿ. ನಿಮ್ಮದೇ ಪೇಪರನ್ನು ಉಲ್ಲೇಖಿಸಿ ಎಂದು ಕೇಳಿದ್ದರೆ ಅದನ್ನೂ ಇದೇ ಪ್ರಶ್ನೆಗೆ ಒಡ್ಡಿ ನೋಡಿ.

ಈಗ "ಪ್ರಯೋಗದ ವಿನ್ಯಾಸ ದುರ್ಬಲ" ಎಂಬ ವಾಕ್ಯ. ಅದು ನಿಜ ಎನ್ನುತ್ತೀರಿ. ಇರಬಹುದು. ಆದರೆ ಅದನ್ನು ಓದಿದ ಲೇಖಕರು ಸೋಮವಾರ ಬೆಳಗ್ಗೆ ಎದ್ದು ಏನು ಮಾಡಬೇಕು? ಗೊತ್ತಾಗುವುದಿಲ್ಲ, ಅಲ್ವಾ? ನನಗೇ ಹಿಂದೆ ಒಮ್ಮೆ "ಸಂಖ್ಯಾಶಾಸ್ತ್ರ ತೃಪ್ತಿಕರವಾಗಿಲ್ಲ" ಎಂಬ ಒಂದು ಸಾಲಿನ ಟೀಕೆ ಬಂದಿತ್ತು. ಮೂರು ವಾರ ಕೂತು ಅಂಕಿಗಳನ್ನೆಲ್ಲ ಬೇರೆ ವಿಧಾನದಲ್ಲಿ ಮತ್ತೆ ಲೆಕ್ಕ ಹಾಕಿ ಕಳಿಸಿದೆ. ಎರಡನೆಯ ಸುತ್ತಿನಲ್ಲಿ ತಿಳಿಯಿತು, ಅವರು ಕೇಳಿದ್ದು ಒಂದು ಟೇಬಲ್ಲಿನ ಕೆಳಗೆ ರೆಪ್ಲಿಕೇಶನ್ ಎಷ್ಟು ಎಂದು ಬರೆದಿಲ್ಲ ಎಂಬುದನ್ನು. ಆ ಮೂರು ವಾರ ನನಗೆ ಇಂದಿಗೂ ಮರೆತಿಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ದೊಡ್ಡ ಅಂಶ ಒಂದೊಂದರಲ್ಲೂ ನಾಲ್ಕು ವಿಷಯ ಇರಬೇಕು. ಎಲ್ಲಿ, ಏನು, ಅದರಿಂದ ಯಾವ ತೀರ್ಮಾನಕ್ಕೆ ಏಟು, ಏನು ಮಾಡಿದರೆ ಸಾಕು. ನಾಲ್ಕನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ.

ನಮ್ಮ ಪೇಪರ್‌ನಲ್ಲಿ ವಿನ್ಯಾಸದ ದೋಷ ಏನು ಎಂದು ಹತ್ತಿರದಿಂದ ನೋಡೋಣ. ಜೀವಾಣು ಗೊಬ್ಬರ ಹಾಕಿದ ಮುಕ್ಕಾಲು ಪ್ರಮಾಣ ಇದೆ. ಜೀವಾಣು ಗೊಬ್ಬರ ಇಲ್ಲದ ಮುಕ್ಕಾಲು ಪ್ರಮಾಣ ಇಲ್ಲ. ಬರೀ 75% ರಸಗೊಬ್ಬರ ಹಾಕಿದ್ದರೂ ಅದೇ 27 ಕ್ವಿಂಟಲ್ ಬರುತ್ತಿತ್ತೇನೋ, ಯಾರಿಗೆ ಗೊತ್ತು? ಗೊಬ್ಬರ ಹೆಚ್ಚಿಸುತ್ತಾ ಹೋದಂತೆ ಪ್ರತಿ ಹೆಚ್ಚುವರಿ ಕಿಲೋದಿಂದ ಸಿಗುವ ಲಾಭ ಕಡಿಮೆಯಾಗುತ್ತಾ ಬರುತ್ತದೆ. ಮೊದಲೇ ಸಾರ ಇರುವ ಮಣ್ಣಿನಲ್ಲಿ 75ಕ್ಕೂ 100ಕ್ಕೂ ವ್ಯತ್ಯಾಸವೇ ಕಾಣದೆ ಇರಬಹುದು. ಹಾಗಿದ್ದರೆ ಉಳಿತಾಯ ಜೀವಾಣು ಗೊಬ್ಬರದ್ದಲ್ಲ, ಮಣ್ಣಿನದ್ದು.

ಇಲ್ಲಿಗೇ ನಿಲ್ಲಬೇಡಿ. ಟೇಬಲ್ಲನ್ನು ಇನ್ನೊಮ್ಮೆ ನೋಡಿ. ಜೀವಾಣು ಗೊಬ್ಬರ ಒಂದನ್ನೇ ಬೇರ್ಪಡಿಸಿ ತೋರಿಸುವ ಜೋಡಿ ಈ ಪ್ರಯೋಗದಲ್ಲಿ ಒಂದೇ ಒಂದಿದೆ, ಟಿ2 ಮತ್ತು ಟಿ3. ಎರಡಕ್ಕೂ ಪೂರ್ತಿ ರಸಗೊಬ್ಬರ, ಒಂದಕ್ಕೆ ಮಾತ್ರ ಜೀವಾಣು ಗೊಬ್ಬರ. ವ್ಯತ್ಯಾಸ 29.6ರಿಂದ 27.8 ಕಳೆದರೆ 1.8 ಕ್ವಿಂಟಲ್. ಸಿ.ಡಿ. 2.6. ಅಂದರೆ ಲೇಖಕರ ಸ್ವಂತ ಅಳತೆಗೋಲಿನಲ್ಲೇ ಜೀವಾಣು ಗೊಬ್ಬರದ ಪರಿಣಾಮ ಖಚಿತವಾಗಿ ಕಾಣುತ್ತಿಲ್ಲ. ಇಂಥದ್ದನ್ನು ಹುಡುಕಿ ಕೊಟ್ಟಾಗ ಎಡಿಟರ್‌ಗೆ ನಿಮ್ಮ ವರದಿಯ ಬೆಲೆ ತಿಳಿಯುತ್ತದೆ. ಆದರೆ ನ್ಯಾಯವಾಗಿಯೂ ಬರೆಯಬೇಕು. ಪೂರ್ತಿ ಸಾರಜನಕ ಸಿಕ್ಕಿದ ಪೈರಿನಲ್ಲಿ ಜೀವಾಣುವಿನ ಕೆಲಸ ಮರೆಯಾಗಿ, ಕಡಿಮೆ ಸಿಕ್ಕಿದಲ್ಲಿ ಎದ್ದು ಕಾಣುವುದು ಸಾಧ್ಯ. ಅದನ್ನೂ ಒಂದು ವಾಕ್ಯದಲ್ಲಿ ಹೇಳಿ.

"ಸಮ" ಎಂಬ ಪದದಲ್ಲೂ ತೊಡಕಿದೆ. ನಮ್ಮ ಕೃಷಿ ಪೇಪರ್‌ಗಳಲ್ಲಿ "ಆನ್ ಪಾರ್" ಎಂದು ಬರೆದು ಮುಂದೆ ಹೋಗುವುದು ರೂಢಿ. ಟಿ2, ಟಿ4ರ ವ್ಯತ್ಯಾಸ 0.7 ಕ್ವಿಂಟಲ್. ಅದಕ್ಕೆ 2.6 ಕೂಡಿಸಿ, ಕಳೆದು ನೋಡಿ. ಟಿ4 ನಿಜವಾಗಿ 1.9 ಕ್ವಿಂಟಲ್ ಮುಂದೆ ಇರಬಹುದು, 3.3 ಕ್ವಿಂಟಲ್ ಹಿಂದೆಯೂ ಇರಬಹುದು. ಅದರಲ್ಲಿ ಯಾವುದು ಎಂದು ಈ ಪ್ರಯೋಗ ಹೇಳಲಾರದು. 3.3 ಅಂದರೆ ಎಕರೆಗೆ ಒಂದು ಕ್ವಿಂಟಲ್‌ಗಿಂತ ಜಾಸ್ತಿ. ಎರಡು ಎಕರೆ ರಾಗಿ ಬೆಳೆಯುವ ಮನೆಗೆ ಅದು ಸಣ್ಣ ಮಾತಲ್ಲ. ವ್ಯತ್ಯಾಸ ಕಾಣಲಿಲ್ಲ ಎನ್ನುವುದು ಬೇರೆ, ವ್ಯತ್ಯಾಸ ಇಲ್ಲ ಎನ್ನುವುದು ಬೇರೆ.

ಇದನ್ನೆಲ್ಲ ಈಗ ಅಂಶವಾಗಿ ಬರೆಯೋಣ. ನೀವು ಬರೆಯುವುದು ಇಂಗ್ಲಿಷಿನಲ್ಲೇ ಇರಬಹುದು, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

"1. ಜೀವಾಣು ಗೊಬ್ಬರದಿಂದ ಕಾಲು ಭಾಗ ರಸಗೊಬ್ಬರ ಉಳಿಯುತ್ತದೆ ಎಂಬುದು ಪೇಪರ್‌ನ ಮುಖ್ಯ ತೀರ್ಮಾನ (ಸಾರಾಂಶ, ಸಾಲು 24ರಿಂದ 26, ಉಪಸಂಹಾರ, ಸಾಲು 310). ಟಿ4 ಮತ್ತು ಟಿ2ರ ಹೋಲಿಕೆ ಇದಕ್ಕೆ ಆಧಾರ. ಆದರೆ ಜೀವಾಣು ಗೊಬ್ಬರ ಇಲ್ಲದ 75% ಟ್ರೀಟ್‌ಮೆಂಟ್ ಪ್ರಯೋಗದಲ್ಲಿ ಇಲ್ಲ. ಹಾಗಾಗಿ ಟಿ4ರ ಇಳುವರಿಯಲ್ಲಿ ಜೀವಾಣು ಗೊಬ್ಬರದ ಪಾಲು ಎಷ್ಟು ಎಂದು ಹೇಳಲು ಬರುವುದಿಲ್ಲ. ಜೀವಾಣು ಗೊಬ್ಬರವನ್ನು ಬೇರ್ಪಡಿಸಿ ತೋರಿಸುವ ಒಂದೇ ಜೋಡಿ ಟಿ2 ಮತ್ತು ಟಿ3, ಅಲ್ಲಿನ ವ್ಯತ್ಯಾಸ (1.8) ಟೇಬಲ್ 2ರ ಸಿ.ಡಿ.ಗಿಂತ (2.6) ಕಡಿಮೆ. ಕಡಿಮೆ ಗೊಬ್ಬರದಲ್ಲಿ ಪರಿಣಾಮ ಹೆಚ್ಚಿರುವುದು ಸಾಧ್ಯ, ಆದರೆ ಈ ಪ್ರಯೋಗ ಅದನ್ನು ಪರೀಕ್ಷಿಸಿಲ್ಲ. ಅದೇ ಜಮೀನಿನಲ್ಲಿ, ಅದೇ ಹಂಗಾಮಿನಲ್ಲಿ 75% ರಸಗೊಬ್ಬರ ಮಾತ್ರ ಹಾಕಿದ ಪ್ಲಾಟ್‌ಗಳ ಅಂಕಿ ಇದ್ದರೆ ಸೇರಿಸಬಹುದು. ಇಲ್ಲದಿದ್ದರೆ ಟಿ4ರ ಇಳುವರಿ ಟಿ2ಕ್ಕಿಂತ ಬೇರೆ ಎಂದು ಕಂಡುಬರಲಿಲ್ಲ ಎಂಬಷ್ಟಕ್ಕೆ ತೀರ್ಮಾನವನ್ನು ಮಿತಿಗೊಳಿಸಿ, ಆ ವ್ಯತ್ಯಾಸದ 95% ವ್ಯಾಪ್ತಿಯನ್ನು ಕೊಟ್ಟು, ಶೀರ್ಷಿಕೆಯಿಂದ 'ಉಳಿತಾಯ' ಎಂಬ ಪದ ತೆಗೆದರೆ ಸಾಕಾಗುತ್ತದೆ."

ಉದ್ದವಾಯಿತು ಅನ್ನಿಸುತ್ತದೆಯೇ? ಮೊದಲ ಅಂಶ ಉದ್ದವಾಗಿದ್ದರೆ ತೊಂದರೆಯಿಲ್ಲ. ಇದರಲ್ಲಿ ಕೊನೆಯ ಎರಡು ವಾಕ್ಯ ಗಮನಿಸಿ. ಲೇಖಕರಿಗೆ ಎರಡು ದಾರಿ ಇದೆ. ಇನ್ನೊಂದು ಮುಂಗಾರು ಕಾಯಿರಿ ಎಂದು ನಾನು ಹೇಳಿಲ್ಲ. ಹೊಸ ಪ್ರಯೋಗ ಕೇಳುವ ಮೊದಲು, ತೀರ್ಮಾನವನ್ನು ಇರುವ ಅಂಕಿಯ ಅಳತೆಗೆ ಇಳಿಸಿದರೆ ಪೇಪರ್ ನಿಲ್ಲುತ್ತದೆಯೇ ಎಂದು ಯಾವಾಗಲೂ ಯೋಚಿಸಿ. ನಿಲ್ಲುವುದಾದರೆ ಅದನ್ನೇ ಕೇಳಿ. ಇಳಿಸಿದ ಮೇಲೆ ಉಳಿಯುವುದು ಪ್ರಕಟಣೆಗೆ ಸಾಕೋ ಇಲ್ಲವೋ ಎಂದು ತೀರ್ಮಾನಿಸುವುದು ಎಡಿಟರ್ ಕೆಲಸ.

ನಿಮ್ಮ ಎರಡನೆಯ ವಾಕ್ಯ, "ಸಂಖ್ಯಾಶಾಸ್ತ್ರ ಸರಿಯಿಲ್ಲ." ನಮ್ಮ ಪೇಪರ್‌ನಲ್ಲಿ ಇದು ತೆಂಡೆಗಳ ಲೆಕ್ಕಕ್ಕೆ ಸಂಬಂಧಿಸಿದ್ದು. ಪ್ರತಿ ಪ್ಲಾಟ್‌ನಲ್ಲಿ ಐದು ಗಿಡ ಗುರುತು ಮಾಡಿ ತೆಂಡೆ ಎಣಿಸಿದ್ದಾರೆ. 15 ಪ್ಲಾಟ್, 75 ಗಿಡ. ಫಲಿತಾಂಶದಲ್ಲಿ F(4, 70) ಎಂದು ಬರೆದಿದ್ದಾರೆ. ಈ 70 ಎರರ್‌ನ ಡಿಗ್ರಿ ಆಫ್ ಫ್ರೀಡಂ, ಅಂದರೆ ಆಕಸ್ಮಿಕ ಏರುಪೇರನ್ನು ಅಳೆಯಲು ಸಿಗುವ ಸ್ವತಂತ್ರ ಅಂಕಿಗಳ ಲೆಕ್ಕ; ಅದೊಂದೇ ಎಲ್ಲವನ್ನೂ ಹೇಳಿಬಿಡುತ್ತದೆ. ಐದು ಟ್ರೀಟ್‌ಮೆಂಟ್, ಮೂರು ಬ್ಲಾಕ್ ಇರುವ ಪ್ರಯೋಗದಲ್ಲಿ ಪ್ಲಾಟ್ ಲೆಕ್ಕ ಹಿಡಿದರೆ ಎರರ್‌ಗೆ ಸಿಗುವ ಡಿಗ್ರಿ ಆಫ್ ಫ್ರೀಡಂ 8 ಮಾತ್ರ. ಒಟ್ಟು 14, ಅದರಲ್ಲಿ ಬ್ಲಾಕ್‌ಗೆ 2, ಟ್ರೀಟ್‌ಮೆಂಟ್‌ಗೆ 4, ಉಳಿದದ್ದು 8. ಅಲ್ಲಿ 70 ಬಂದಿದೆ ಅಂದರೆ 75 ಗಿಡಗಳನ್ನು 75 ಬೇರೆ ಬೇರೆ ಪ್ರಯೋಗಗಳಂತೆ ಎಣಿಸಿದ್ದಾರೆ, ಬ್ಲಾಕನ್ನೂ ಬಿಟ್ಟಿದ್ದಾರೆ.

ಗೊಬ್ಬರ ಹಾಕಿದ್ದು ಪ್ಲಾಟ್‌ಗೆ, ಗಿಡಕ್ಕಲ್ಲ. ಒಂದೇ ಪ್ಲಾಟ್‌ನ ಐದು ಗಿಡಗಳು ಒಂದೇ ಮಣ್ಣು, ಒಂದೇ ನೀರು ಹಂಚಿಕೊಂಡು ಬೆಳೆದವು. ಒಂದೇ ಮನೆಯ ಐದು ಜನರನ್ನು ಕೇಳಿ ಐದು ಮನೆಯ ಅಭಿಪ್ರಾಯ ಎಂದಂತೆ ಇದು. ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಬರೆದ ಪ್ರಸಿದ್ಧ ಪೇಪರ್ ಇದಕ್ಕೆ ಸೂಡೋರೆಪ್ಲಿಕೇಶನ್ ಎಂಬ ಹೆಸರು ಕೊಟ್ಟಿತು. ಹೀಗೆ ಎಣಿಸಿದರೆ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ. ಟಿ2ರಲ್ಲಿ ಗಿಡಕ್ಕೆ 4.1, ಟಿ3ರಲ್ಲಿ 4.6 ತೆಂಡೆ; ಇದನ್ನು ಖಚಿತ ವ್ಯತ್ಯಾಸ ಎಂದಿದ್ದಾರೆ. ಪ್ಲಾಟ್ ಲೆಕ್ಕದಲ್ಲಿ ಅದು ಉಳಿಯುತ್ತದೋ ಇಲ್ಲವೋ, ಲೆಕ್ಕ ಹಾಕಿ ನೋಡದೆ ಹೇಳಲಾಗದು.

ಅಂಶ ಹೀಗೆ ಬರುತ್ತದೆ: "2. ಟೇಬಲ್ 3ರ ತೆಂಡೆ ಸಂಖ್ಯೆಗೆ F(4, 70) ಎಂದಿದೆ (ಸಾಲು 198). ಟ್ರೀಟ್‌ಮೆಂಟ್ ಕೊಟ್ಟದ್ದು ಪ್ಲಾಟ್‌ಗೆ, ಆದರೆ ವಿಶ್ಲೇಷಣೆಯಲ್ಲಿ ಗಿಡಗಳನ್ನು ಸ್ವತಂತ್ರ ಎಂದು ತೆಗೆದುಕೊಂಡಂತೆ ಕಾಣುತ್ತದೆ. ಇದರಿಂದ ವ್ಯತ್ಯಾಸಗಳು ಇರುವುದಕ್ಕಿಂತ ಖಚಿತವಾಗಿ ಕಾಣುತ್ತವೆ, ಮತ್ತು ಸಾಲು 245ರ ವಿವರಣೆ ಪೂರ್ತಿ ಇದನ್ನೇ ಆಧರಿಸಿದೆ. ಐದು ಗಿಡಗಳ ಸರಾಸರಿ ತೆಗೆದು, ಪ್ಲಾಟ್‌ಗೆ ಒಂದರಂತೆ 15 ಅಂಕಿಗಳ ಮೇಲೆ, ಬ್ಲಾಕ್ ಸೇರಿಸಿ ಆನೋವಾ ಮಾಡಿದರೆ ಸಾಕು. ಎರರ್ ಡಿಗ್ರಿ ಆಫ್ ಫ್ರೀಡಂ 8 ಬರಬೇಕು. ವ್ಯತ್ಯಾಸ ಉಳಿಯದಿದ್ದರೆ ಸಾಲು 245ರಿಂದ 260ರವರೆಗಿನ ಭಾಗವನ್ನು ಅದಕ್ಕೆ ತಕ್ಕಂತೆ ಬದಲಿಸಬೇಕು."

"ಕಾಣುತ್ತದೆ" ಎಂದು ಬರೆದದ್ದು ವಿನಯಕ್ಕಲ್ಲ. ಲೇಖಕರು ಬೇರೆ ರೀತಿ ಲೆಕ್ಕ ಹಾಕಿ ಬರೆಯುವಾಗ ತಪ್ಪಿದ್ದರೂ ಇರಬಹುದು. ನನ್ನ ಕೈಯಲ್ಲಿರುವುದು ಅವರು ಬರೆದ 70 ಮಾತ್ರ. ಎಷ್ಟು ಗೊತ್ತೋ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹಾಗೆಯೇ "ಎರರ್‌ಗೆ 8 ಬರಬೇಕು" ಎನ್ನುವಲ್ಲಿ ನಾನು ಹಿಂಜರಿಯಲಿಲ್ಲ, ಯಾಕೆಂದರೆ ಅದು ಲೆಕ್ಕ. ಎಲ್ಲ ವಾಕ್ಯಕ್ಕೂ "ಬಹುಶಃ", "ಇರಬಹುದೇನೋ" ಸೇರಿಸಿ ಮೃದು ಮಾಡುವುದನ್ನು ಕೆಲವರು ಸೌಜನ್ಯ ಎಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಲೇಖಕರಿಗೆ ಯಾವುದನ್ನು ಬಿಡಬಹುದು, ಯಾವುದನ್ನು ಮಾಡಲೇಬೇಕು ಎಂದು ತಿಳಿಯುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಎರಡನೆಯ ಅಂಶ ಗಂಭೀರವಾದದ್ದು, ಆದರೆ ಸರಿಪಡಿಸಲು ಒಂದು ಮಧ್ಯಾಹ್ನ ಸಾಕು. ಅಂಕಿಗಳು ಲೇಖಕರ ಬಳಿಯೇ ಇವೆ. ಮೊದಲನೆಯದನ್ನು ಹೊಸ ಪ್ರಯೋಗವಿಲ್ಲದೆ ಪೂರ್ತಿ ಸರಿಪಡಿಸಲಾಗದು, ಮಾತು ಕಡಿಮೆ ಮಾಡಬಹುದಷ್ಟೆ. ಉಲ್ಲೇಖಗಳ ಪಟ್ಟಿಯ ಕ್ರಮ ತಪ್ಪಿರುವುದನ್ನು ತಿದ್ದಲು ಎರಡು ದಿನ ಬೇಕಾಗಬಹುದು, ಆದರೆ ಅದರ ತೂಕ ಏನೂ ಇಲ್ಲ. ತೂಕವೇ ಬೇರೆ, ಶ್ರಮವೇ ಬೇರೆ. ಅಂಶಗಳ ಕ್ರಮ ತೂಕದ ಮೇಲೆ ಇರಲಿ. ಶ್ರಮ ಎಷ್ಟು ಎಂಬುದು "ಏನು ಮಾಡಿದರೆ ಸಾಕು" ಎಂಬ ವಾಕ್ಯದಲ್ಲೇ ಲೇಖಕರಿಗೆ ತಿಳಿಯುತ್ತದೆ. ಎಷ್ಟೋ ಎಡಿಟರ್‌ಗಳು ಮೇಜರ್ ರಿವಿಜನ್ ಕೊಡಬೇಕೋ ತಿರಸ್ಕರಿಸಬೇಕೋ ಎಂದು ನಿರ್ಧರಿಸುವಾಗ ನೋಡುವುದೂ ಅದನ್ನೇ: ದೋಷ ಎಷ್ಟು ದೊಡ್ಡದು ಎಂಬುದರ ಜೊತೆ, ಅದು ತಿದ್ದಲು ಬರುತ್ತದೆಯೇ ಎಂಬುದನ್ನು.

ಮೂರನೆಯ ಅಂಶ ಒಂದೇ ಊರು, ಒಂದೇ ಹಂಗಾಮು ಎಂಬುದು. ಇದಕ್ಕೆ ಎರಡು ಸಾಲು ಸಾಕು. "ಸಾಲು 318ರಲ್ಲಿ 'ಕರ್ನಾಟಕದ ರೈತರಿಗೆ' ಎಂಬುದನ್ನು ಪ್ರಯೋಗ ನಡೆದ ಮಣ್ಣು ಮತ್ತು ಹಂಗಾಮಿಗೆ ಮಿತಿಗೊಳಿಸಿ, ಆ ವರ್ಷ ಬಿದ್ದ ಮಳೆ ಎಷ್ಟು, ಅಲ್ಲಿನ ವಾಡಿಕೆ ಮಳೆ ಎಷ್ಟು ಎಂದು ವಿಧಾನದ ಭಾಗದಲ್ಲಿ ಕೊಡಿ." ಮಳೆಯ ಅಂಕಿ ಕೇಳಿದ್ದು ಸುಮ್ನೆ ಅಲ್ಲ. ಮಳೆಯಾಶ್ರಿತ ರಾಗಿಯಲ್ಲಿ ಆ ಒಂದು ಅಂಕಿ ಇಲ್ಲದೆ ಬೇರೆ ಊರಿನವರು ಈ ಇಳುವರಿಯನ್ನು ತಮ್ಮದಕ್ಕೆ ಹೋಲಿಸಿ ನೋಡಲಾರರು.

ಉಳಿದವು ಸಣ್ಣ ಅಂಶಗಳು. ಅವನ್ನು ಒಂದು ಕಡೆ ಗುಂಪು ಮಾಡಿ, ಸಾಲಿನ ಸಂಖ್ಯೆ ಹಾಕಿ, ಒಂದೊಂದಕ್ಕೆ ಒಂದು ಸಾಲು ಕೊಡಿ. ಟೇಬಲ್ 2ರಲ್ಲಿ ಕ್ವಿಂಟಲ್, ಟೇಬಲ್ 4ರಲ್ಲಿ ಕಿಲೋ, ಒಂದೇ ಮಾಡಿ. ಚಿತ್ರ 1ರ ಎರಡು ಬಣ್ಣ ಕಪ್ಪು ಬಿಳುಪಿನಲ್ಲಿ ಒಂದೇ ಥರ ಕಾಣುತ್ತವೆ. ಹೀಗೆ. ಕಾಗುಣಿತ ತಪ್ಪು ಹತ್ತಿದ್ದರೆ ಹತ್ತನ್ನೂ ಬರೆಯಬೇಡಿ. ಎರಡು ತೋರಿಸಿ, ಒಮ್ಮೆ ಪೂರ್ತಿ ನೋಡಿಕೊಳ್ಳಲು ಹೇಳಿ.

"ಇಂಗ್ಲಿಷ್ ಕಳಪೆ" ಎಂಬುದನ್ನು ದಯವಿಟ್ಟು ಅಳಿಸಿ. ಇದು ನನಗೆ ಮನಸ್ಸಿಗೆ ಹತ್ತಿರದ ವಿಷಯ. ನಮ್ಮ ಕಡೆಯ ಎಷ್ಟೋ ಲೇಖಕರು ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವರು. ಹೊಲದ ಕೆಲಸ ಬಲ್ಲವರು, ಬರೆಯುವಾಗ ತಡವರಿಸುತ್ತಾರೆ. "ಇಂಗ್ಲಿಷ್ ಮಾತೃಭಾಷೆಯವರಿಂದ ತಿದ್ದಿಸಿ" ಎಂಬ ವಾಕ್ಯವನ್ನು ಓದಿ ಪೇಪರ್ ಬರೆಯುವುದನ್ನೇ ಬಿಟ್ಟವರನ್ನು ಬಲ್ಲೆ. ಭಾಷೆಯಿಂದ ಅರ್ಥ ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದು ತೋರಿಸಿ: "ಸಾಲು 112ರಲ್ಲಿ ಗೊಬ್ಬರವನ್ನು ಬಿತ್ತನೆಗೆ ಮೊದಲು ಹಾಕಿದ್ದೋ ನಂತರ ಹಾಕಿದ್ದೋ ಸ್ಪಷ್ಟವಾಗುತ್ತಿಲ್ಲ." ಇದು ಲೇಖಕರು ಉತ್ತರಿಸಬಹುದಾದ ಪ್ರಶ್ನೆ. ಅರ್ಥ ಕೆಡದಿದ್ದರೆ ಸುಮ್ಮನಿರಿ. ಭಾಷೆ ತಿದ್ದಲು ಜರ್ನಲ್‌ನಲ್ಲಿ ಬೇರೆಯವರು ಇರುತ್ತಾರೆ.

ಮಾತಿನ ಧಾಟಿಯನ್ನು ತಿದ್ದಲು ಒಂದು ಸುಲಭದ ಉಪಾಯ ಇದೆ. ವರದಿಯಲ್ಲಿ "ಲೇಖಕರು" ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿ. "ಲೇಖಕರಿಗೆ ಗೊತ್ತಿಲ್ಲ", "ಲೇಖಕರು ಗಮನಿಸಿಲ್ಲ", "ಲೇಖಕರು ವಿಫಲರಾಗಿದ್ದಾರೆ" ಎಂಬಂಥ ಕಡೆ ವಾಕ್ಯದ ಕರ್ತೃವನ್ನು ಪೇಪರ್‌ಗೋ ಟೇಬಲ್‌ಗೋ ಬದಲಿಸಿ. "ಟೇಬಲ್ 3ರಲ್ಲಿ ಬ್ಲಾಕ್ ಕಾಣುತ್ತಿಲ್ಲ" ಎಂದರೆ ವಿಷಯ ಅಷ್ಟೇ ಗಟ್ಟಿಯಾಗಿರುತ್ತದೆ, ಮನುಷ್ಯನಿಗೆ ಪೆಟ್ಟಾಗುವುದಿಲ್ಲ. ಲೇಖಕರು ಏನು ಮಾಡಬಹುದು ಎಂದು ಹೇಳುವಲ್ಲಿ ಮಾತ್ರ ಆ ಪದ ಉಳಿಯಲಿ.

ವರದಿಯ ಮೊದಲ ಪ್ಯಾರಾವನ್ನು ಕೊನೆಗೆ ಬರೆಯಿರಿ. ಆಗಲೇ ಖಾಲಿ ಹಾಳೆಯಲ್ಲಿ ಬರೆದ ಆ ಮೂರು ವಾಕ್ಯಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಪೇಪರ್ ಏನು ಹೇಳುತ್ತದೆ ಎಂದು ಅದರಲ್ಲಿ ಬರೆದರೆ, ನೀವು ಸರಿಯಾಗಿ ಅರ್ಥ ಮಾಡಿಕೊಂಡಿರೋ ಇಲ್ಲವೋ ಎಂದು ಲೇಖಕರಿಗೆ ತಿಳಿಯುತ್ತದೆ. ಅದರ ಜೊತೆ ಗಟ್ಟಿಯಾಗಿರುವುದು ಯಾವುದು ಎಂದೂ ಹೇಳಿ. "ಆಸಕ್ತಿಕರ ಅಧ್ಯಯನ" ಎಂಬ ಹೊಗಳಿಕೆ ಬೇಡ. "ಇಳುವರಿಯನ್ನು ಪ್ಲಾಟ್ ಲೆಕ್ಕದಲ್ಲೇ ಸರಿಯಾಗಿ ವಿಶ್ಲೇಷಿಸಲಾಗಿದೆ, ಗೊಬ್ಬರವಿಲ್ಲದ ಪ್ಲಾಟ್‌ಗಳನ್ನೂ ಇಟ್ಟಿರುವುದರಿಂದ ಮಣ್ಣಿನ ಸಾರ ಅಂದಾಜಿಗೆ ಸಿಗುತ್ತದೆ" ಎಂದು ಬರೆಯಿರಿ. ಇದರಿಂದ ಪರಿಷ್ಕರಿಸುವಾಗ ಯಾವುದನ್ನು ಮುಟ್ಟಬಾರದು ಎಂದು ಲೇಖಕರಿಗೆ ಗೊತ್ತಾಗುತ್ತದೆ. ಗಾಬರಿಯಲ್ಲಿ ಸರಿ ಇದ್ದದ್ದನ್ನೂ ಬದಲಿಸಿ ಕಳಿಸಿದ ಪೇಪರ್‌ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಎಡಿಟರ್‌ಗೆ ಮಾತ್ರ ಕಾಣುವ ಒಂದು ಜಾಗ ಸಾಮಾನ್ಯವಾಗಿ ಫಾರ್ಮ್‌ನಲ್ಲಿ ಇರುತ್ತದೆ. ಅಲ್ಲಿ ಬರೆಯುವುದಕ್ಕೂ ಲೇಖಕರಿಗೆ ಬರೆಯುವುದಕ್ಕೂ ತಾಳೆ ಇರಬೇಕು. ಲೇಖಕರಿಗೆ "ಕೆಲವು ಬದಲಾವಣೆ ಬೇಕು" ಎಂದು ಬರೆದು, ಎಡಿಟರ್‌ಗೆ ಗುಟ್ಟಾಗಿ "ಇದನ್ನು ತಿರಸ್ಕರಿಸಿ" ಎಂದರೆ ಎಡಿಟರ್ ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಲೇಖಕರಿಗೆ ಕಾರಣವೇ ಇಲ್ಲದ ತೀರ್ಪು ಹೋಗುತ್ತದೆ. ಒಪ್ಪಿಗೆ, ತಿರಸ್ಕಾರ ಎಂಬ ಪದಗಳನ್ನು ಲೇಖಕರ ಭಾಗದಲ್ಲಿ ಬರೆಯಬೇಡಿ. ಹೆಚ್ಚಿನ ಜರ್ನಲ್‌ಗಳು ಅದನ್ನು ಬಯಸುವುದಿಲ್ಲ, ಇನ್ನೊಬ್ಬ ರಿವ್ಯೂವರ್ ಬೇರೆ ಹೇಳಿರಬಹುದು. ಎಡಿಟರ್ ಭಾಗದಲ್ಲಿ ನಿಮ್ಮ ಮಿತಿಯನ್ನೂ ಹೇಳಿ. ಜೀವಾಣು ಗೊಬ್ಬರದ ತಳಿ ಗುರುತಿಸಿದ ವಿಧಾನ ನಿಮ್ಮ ವಿಷಯ ಅಲ್ಲದಿದ್ದರೆ, ಆ ಭಾಗವನ್ನು ನಾನು ಪರಿಶೀಲಿಸಿಲ್ಲ, ಸೂಕ್ಷ್ಮಜೀವಿ ವಿಜ್ಞಾನದವರು ಒಬ್ಬರು ನೋಡಬೇಕು ಎಂದು ನೇರವಾಗಿ ಬರೆಯಿರಿ.

ಹೀಗೆ ತಿದ್ದಿದ ಮೇಲೆ ನಿಮ್ಮ 23 ಅಂಶಗಳು ಮೂರೋ ನಾಲ್ಕೋ ದೊಡ್ಡವು, ಆರೇಳು ಚಿಕ್ಕವಾಗಿ, ಒಂದೂವರೆ ಪುಟದಲ್ಲಿ ಬಂದು ಕೂರುತ್ತವೆ. ಕಳಿಸುವ ಮೊದಲು ಒಂದು ರಾತ್ರಿ ಬಿಟ್ಟು, ಪೆನ್ನು ಹಿಡಿದು ಲೇಖಕರ ಜಾಗದಲ್ಲಿ ಕೂತು ಓದಿ. ಪ್ರತಿ ಅಂಶದ ಪಕ್ಕ "ಇದಕ್ಕೆ ನಾನು ಇಂಥದ್ದು ಮಾಡುತ್ತೇನೆ" ಎಂದು ನಾಲ್ಕು ಪದ ಬರೆಯಲು ಬರುತ್ತದೆಯೇ ನೋಡಿ. ಬರೆಯಲಾಗದ ಅಂಶ ಇನ್ನೂ ಟಿಪ್ಪಣಿಯಾಗಿಯೇ ಉಳಿದಿದೆ.

ಅಂಶಗಳಿಗೆ ಸಂಖ್ಯೆ ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. ಎರಡು ಮೂರು ತಿಂಗಳಲ್ಲಿ ಪರಿಷ್ಕರಿಸಿದ ಪೇಪರ್ ನಿಮ್ಮ ಬಳಿಗೇ ವಾಪಸ್ ಬರಬಹುದು. ಆಗ ಟೇಬಲ್ 3ರಲ್ಲಿ 70 ಇದ್ದ ಜಾಗದಲ್ಲಿ 8 ಬಂದಿದೆಯೇ, ಶೀರ್ಷಿಕೆಯಿಂದ "ಉಳಿತಾಯ" ಹೋಗಿದೆಯೇ ಎಂದು ಮೊದಲು ನೋಡಿ. ನೀವು ಕೇಳಿದ್ದನ್ನು ಅವರು ಮಾಡಿದ್ದರೆ ಹಾಗೆಂದು ಬರೆಯಿರಿ. ಮೊದಲ ಸುತ್ತಿನಲ್ಲೇ ಕಣ್ಣಿಗೆ ಬೀಳಬೇಕಿದ್ದ ಹೊಸ ತಕರಾರುಗಳನ್ನು ಆಗ ಎತ್ತಬೇಡಿ. ತೀರ್ಮಾನವನ್ನೇ ಬೀಳಿಸುವಂಥದ್ದು ನಿಮ್ಮ ಕಣ್ತಪ್ಪಿ ಉಳಿದಿದ್ದರೆ ಮಾತ್ರ, ಮೊದಲು ಗಮನಿಸದೆ ಇದ್ದದ್ದು ನನ್ನ ತಪ್ಪು ಎಂದು ಒಪ್ಪಿಕೊಂಡು ಎತ್ತಿ.